ಪಿಟಿ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬೇ ಏಕೆ?

ಪ್ರಶ್ನೆ: ನಾನು ಡಿಎಂಎಲ್‌ಟಿ ವಿದ್ಯಾರ್ಥಿನಿ. ಇಡಿಟಿಎ, ಸಿಟ್ರೇಟ್ ಎರಡೂ ಕ್ಯಾಲ್ಸಿಯಂ ಅನ್ನೇ ಹಿಡಿದು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತವೆ ಅಂತಾರೆ. ಹಾಗಿದ್ದರೆ ಪಿಟಿಗೆ ನೇರಳೆ ಟ್ಯೂಬ್ ಯಾಕೆ ಆಗಲ್ಲ? ಬಣ್ಣ ಬಾಯಿಪಾಠ ಮಾಡದೆ ಸರಿಯಾದ ಟ್ಯೂಬ್ ಆರಿಸುವುದು ಹೇಗೆ?

ಉತ್ತರ: ಟ್ಯೂಬಿನಲ್ಲಿರುವ ರಾಸಾಯನಿಕವು ನಾವು ಅಳೆಯಲು ಹೊರಟಿರುವ ವಸ್ತುವನ್ನು ಏನು ಮಾಡುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಪಿಟಿಯಲ್ಲಿ ನಾವು ಅಳೆಯುವುದು ಪ್ಲಾಸ್ಮಾ ಹೆಪ್ಪುಗಟ್ಟಲು ಹಿಡಿಯುವ ಸೆಕೆಂಡುಗಳನ್ನು. ಆದ್ದರಿಂದ ಇಲ್ಲಿ ಬೇಕಾಗಿರುವುದು ಹೆಪ್ಪುಗಟ್ಟುವುದನ್ನು ಸದ್ಯಕ್ಕೆ ತಡೆದಿಟ್ಟು, ನಾವು ಬೇಕೆಂದಾಗ ಮತ್ತೆ ಶುರುವಾಗಲು ಬಿಡುವಂಥ ರಾಸಾಯನಿಕ.

ನೀಲಿ ಟ್ಯೂಬಿನಲ್ಲಿರುವ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಸಡಿಲವಾಗಿ ಹಿಡಿಯುತ್ತದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.1 ಮಿ.ಲೀ. ಪ್ಲಾಸ್ಮಾಕ್ಕೆ ಕ್ಯಾಲ್ಸಿಯಂ ಬೆರೆತ ಥ್ರಾಂಬೋಪ್ಲಾಸ್ಟಿನ್ 0.2 ಮಿ.ಲೀ. ಹಾಕಿದೊಡನೆ ಸಿಟ್ರೇಟಿನ ತಡೆ ಮುಗಿದು, ಕೆಲವೇ ಸೆಕೆಂಡುಗಳಲ್ಲಿ ಫೈಬ್ರಿನ್ ಎಳೆ ಕಾಣಿಸಿಕೊಳ್ಳುತ್ತದೆ. ಇಡಿಟಿಎ ಹಿಡಿತ ಬಹಳ ಬಿಗಿ. ನಾವು ಸೇರಿಸಿದ ಕ್ಯಾಲ್ಸಿಯಂ ಅನ್ನೂ ಅದು ಕಬಳಿಸುತ್ತದೆ. ಅದರ ಜೊತೆಗೆ ಐದನೆಯ ಮತ್ತು ಎಂಟನೆಯ ಫ್ಯಾಕ್ಟರ್‌ಗಳು ಇಡಿಟಿಎ ಪ್ಲಾಸ್ಮಾದಲ್ಲಿ ಬೇಗ ಶಕ್ತಿ ಕಳೆದುಕೊಳ್ಳುತ್ತವೆ. ಹೀಗಾಗಿ ರೋಗಿಗೆ ಏನೂ ತೊಂದರೆಯಿಲ್ಲದಿದ್ದರೂ ಪಿಟಿ ಉದ್ದವಾಗಿ ಬರುತ್ತದೆ. ಬೇರ್ಪಡಿಸಿ ಕಪ್ಪಿಗೆ ಹಾಕಿದ ಮೇಲೆ ಎರಡೂ ಪ್ಲಾಸ್ಮಾ ನೋಡಲು ಒಂದೇ ರೀತಿ ಇರುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅನುಮಾನ ಬಂದರೆ ಆ ಪ್ಲಾಸ್ಮಾದಲ್ಲಿ ಪೊಟ್ಯಾಸಿಯಂ ನೋಡಿ: ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎಯ ಪೊಟ್ಯಾಸಿಯಂ ಲವಣವಾದ್ದರಿಂದ ಅದು ವಿಪರೀತ ಹೆಚ್ಚಿರುತ್ತದೆ. ಸಿಟ್ರೇಟ್ ಟ್ಯೂಬಿನದು ಸೋಡಿಯಂ ಲವಣ.

ಸಿಟ್ರೇಟ್ ಟ್ಯೂಬ್ ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಇಲ್ಲಿ ಅಳತೆಯೇ ಮುಖ್ಯ. ಶೇ. 3.2ರ ಸಿಟ್ರೇಟ್ 1 ಪಾಲು, ರಕ್ತ 9 ಪಾಲು, ಅಂದರೆ 0.3 ಮಿ.ಲೀ. ಸಿಟ್ರೇಟಿಗೆ 2.7 ಮಿ.ಲೀ. ರಕ್ತ. ಟ್ಯೂಬಿನ ಗೆರೆಯವರೆಗೆ ರಕ್ತ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಪಿಟಿ ಸುಳ್ಳೇ ಉದ್ದವಾಗುತ್ತದೆ. (ಕಪ್ಪು ಮುಚ್ಚಳದ ಇಎಸ್‌ಆರ್ ಟ್ಯೂಬಿನಲ್ಲೂ ಸಿಟ್ರೇಟೇ ಇರುತ್ತದೆ, ಆದರೆ ಅಲ್ಲಿ 4 ಪಾಲು ರಕ್ತಕ್ಕೆ 1 ಪಾಲು. ಪ್ರಶ್ನೆಪತ್ರಿಕೆಯಲ್ಲಿ ಎರಡೂ ಆಯ್ಕೆಗಳನ್ನು ಅಕ್ಕಪಕ್ಕ ಕೊಟ್ಟರೆ ಎಡವಬೇಡಿ.)

ಗೆರೆಯವರೆಗೆ ತುಂಬಿದರೂ ತಪ್ಪಾಗುವ ಸಂದರ್ಭ ಒಂದಿದೆ, ಮತ್ತು ನನ್ನ ಪ್ರಕಾರ ಇದನ್ನು ಅರ್ಥಮಾಡಿಕೊಂಡವರಿಗೇ ಈ ವಿಷಯ ನಿಜವಾಗಿ ತಿಳಿದಿದೆ. ಸಿಟ್ರೇಟ್ ಇರುವುದು ಪ್ಲಾಸ್ಮಾದ ಕ್ಯಾಲ್ಸಿಯಂಗಾಗಿ, ಕೆಂಪು ರಕ್ತಕಣಗಳಿಗಾಗಿ ಅಲ್ಲ. ಹುಟ್ಟಿನಿಂದ ಹೃದಯದ ತೊಂದರೆಯಿದ್ದು ಮೈ ನೀಲಿಗಟ್ಟುವ ಮಗುವಿನ ಹೆಮಟೋಕ್ರಿಟ್ ಶೇ. 65 ಇದೆ ಎಂದುಕೊಳ್ಳಿ. 2.7 ಮಿ.ಲೀ. ರಕ್ತದಲ್ಲಿ ಪ್ಲಾಸ್ಮಾ ಇರುವುದು 0.95 ಮಿ.ಲೀ.ನಷ್ಟು ಮಾತ್ರ, ಹೆಮಟೋಕ್ರಿಟ್ 45 ಇದ್ದವರಲ್ಲಿ ಸುಮಾರು 1.5 ಮಿ.ಲೀ. ಇರುತ್ತಿತ್ತು. ಅಷ್ಟು ಕಡಿಮೆ ಪ್ಲಾಸ್ಮಾಕ್ಕೆ ಅದೇ 0.3 ಮಿ.ಲೀ. ಸಿಟ್ರೇಟ್ ಸೇರಿದರೆ, ಮಿಕ್ಕ ಸಿಟ್ರೇಟ್ ನಾವು ಹಾಕುವ ಕ್ಯಾಲ್ಸಿಯಂ ಅನ್ನು ಹಿಡಿದುಬಿಡುತ್ತದೆ. ಹೆಮಟೋಕ್ರಿಟ್ 55 ದಾಟಿದಾಗ ಲೆಕ್ಕ ಹೀಗೆ ಮಾಡಬೇಕು: 100ರಿಂದ ಹೆಮಟೋಕ್ರಿಟ್ ಕಳೆದು, ರಕ್ತದ ಮಿ.ಲೀ.ನಿಂದಲೂ 0.00185ರಿಂದಲೂ ಗುಣಿಸಿ. ಈ ಮಗುವಿಗೆ 35 × 2.7 × 0.00185, ಅಂದರೆ ಸುಮಾರು 0.17 ಮಿ.ಲೀ. ಸಿಟ್ರೇಟ್ ಸಾಕು. ಟ್ಯೂಬಿನಿಂದ 0.13 ಮಿ.ಲೀ.ಯನ್ನು ಸಣ್ಣ ಸಿರಿಂಜಿನಲ್ಲಿ ಹೀರಿ ತೆಗೆಯಬೇಕು. ಮುಚ್ಚಳ ತೆರೆದರೆ ನಿರ್ವಾತ ಹೋಗುವುದರಿಂದ ರಕ್ತವನ್ನು ಸಿರಿಂಜಿನಲ್ಲಿ ತೆಗೆದು, 2.7 ಮಿ.ಲೀ. ಅಳೆದು ಹಾಕಿ, ಮುಚ್ಚಿ, ಅಲುಗಾಡಿಸದೆ ಮೂರ್ನಾಲ್ಕು ಬಾರಿ ಮೆಲ್ಲಗೆ ತಲೆಕೆಳಗು ಮಾಡಬೇಕು.

ಸಿಬಿಸಿಯಲ್ಲಿ ಇದೇ ಇಡಿಟಿಎಯ ಬಿಗಿ ಹಿಡಿತ ವರವಾಗುತ್ತದೆ, ಏಕೆಂದರೆ ಅಲ್ಲಿ ಕ್ಯಾಲ್ಸಿಯಂ ಮತ್ತೆ ಬೇಕಾಗುವುದೇ ಇಲ್ಲ, ಕಣಗಳ ಆಕಾರವೂ ಚೆನ್ನಾಗಿ ಉಳಿಯುತ್ತದೆ. ಆದರೆ ಅದು ಸೀರಮ್ ಟ್ಯೂಬಿಗೆ ಸೇರಬಾರದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರ್ಡಿನಿಂದ ಬಂದ ಒಂದು ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಪೊಟ್ಯಾಸಿಯಂ 9.1, ಕ್ಯಾಲ್ಸಿಯಂ 4.2 ಎಂದು ಯಂತ್ರ ತೋರಿಸಿತು. ಆಲ್ಕಲೈನ್ ಫಾಸ್ಫಟೇಸ್ ಕೂಡ ತೀರಾ ಕಡಿಮೆಯಿತ್ತು. ರೋಗಿ ಎದ್ದು ಕುಳಿತು ಊಟ ಮಾಡುತ್ತಿದ್ದರು. ಮೂರೂ ಒಟ್ಟಿಗೆ ಹೀಗೆ ಕೆಡುವುದಕ್ಕೆ ಕಾರಣ ಇಡಿಟಿಎ: ಅದರ ಲವಣದಿಂದ ಪೊಟ್ಯಾಸಿಯಂ ಬರುತ್ತದೆ, ಕ್ಯಾಲ್ಸಿಯಂ ಬಂಧಿಯಾಗುತ್ತದೆ, ಆ ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಸಿಯಂ ಸಿಗದಂತಾಗುತ್ತದೆ. ವಿಚಾರಿಸಿದಾಗ, ಕೆಂಪು ಟ್ಯೂಬಿನಲ್ಲಿ ರಕ್ತ ಸಾಲದೆ ನೇರಳೆ ಟ್ಯೂಬಿನಿಂದ ಸ್ವಲ್ಪ ಸುರಿದಿದ್ದರು ಎಂದು ತಿಳಿಯಿತು. ಹೊಸದಾಗಿ ತೆಗೆದ ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ 4.3 ಬಂತು. ರಕ್ತ ತೆಗೆಯುವಾಗ ಸಿಟ್ರೇಟ್, ಸೀರಮ್, ಹೆಪಾರಿನ್ ಟ್ಯೂಬುಗಳಾದ ಮೇಲೆ ಇಡಿಟಿಎಯನ್ನೂ, ಕೊನೆಗೆ ಗ್ಲೂಕೋಸಿನ ಫ್ಲೋರೈಡ್ ಟ್ಯೂಬನ್ನೂ ತುಂಬುವ ಕ್ರಮ ಇದೇ ಕಾರಣಕ್ಕೆ ಬಂದಿದೆ.