ತಮ್ಮನಿಗೆ ಫಲಿಸಿದ ಆಪರೇಷನ್ ಅಣ್ಣನಿಗೆ ಯಾಕೆ ಬೇಡ?

(ಹೆಸರು, ವಯಸ್ಸು, ಕಸುಬು ಬದಲಿಸಿದ್ದೇನೆ. ಬರೆಯಲು ಇಬ್ಬರು ಅಣ್ಣತಮ್ಮಂದಿರೂ ಒಪ್ಪಿದ್ದಾರೆ.)

ಮಂಜುನಾಥ ನನ್ನ ಕೋಣೆಗೆ ಬಂದಾಗ ಕೈಯಲ್ಲಿ ಎರಡು ಫೈಲ್ ಇದ್ದವು. ಒಂದು ತನ್ನದು, ಇನ್ನೊಂದು ತಮ್ಮ ಹರೀಶನದು. ಮೊದಲು ತಮ್ಮನ ಫೈಲನ್ನೇ ನನ್ನ ಮುಂದಿಟ್ಟರು.

"ಮೇಡಂ, ಇವನಿಗೆ ವೆರಿಕೋಸೀಲ್ ಆಪರೇಷನ್ ಆಯ್ತು, ಈಗ ಮಗಳಿಗೆ ಏಳು ತಿಂಗಳು. ನನಗೂ ಅದೇ ಇದೆ ಅಂತ ಸ್ಕ್ಯಾನ್‌ನಲ್ಲಿ ಬಂದಿದೆ. ಬೇರೆ ಆಸ್ಪತ್ರೆಯಲ್ಲಿ ಮುಂದಿನ ವಾರಕ್ಕೆ ಡೇಟ್ ಕೊಟ್ಟಿದ್ದಾರೆ. ಇಲ್ಲಿ ಯಾಕೆ ತಡ ಮಾಡ್ತಾ ಇದ್ದೀರಿ?"

ಮಂಜುನಾಥನಿಗೆ 38, ಹೆಂಡತಿ ಶೈಲಾಗೆ 36. ಮದುವೆಯಾಗಿ ನಾಲ್ಕು ವರ್ಷ. ತಮ್ಮನಿಗೆ ಮೊದಲು ಮಗುವಾಗಿದೆ. ಮನೆಯಲ್ಲಿ ಯಾರೂ ಏನೂ ಅನ್ನುತ್ತಿಲ್ಲ, ಆದರೆ ಅದೇ ಹೆಚ್ಚು ಚುಚ್ಚುತ್ತದೆ ಎಂದು ಶೈಲಾ ಆಮೇಲೆ ಹೇಳಿದರು.

ಮಾತು ಶುರು ಮಾಡುವ ಮುಂಚೆ ನಾನು ಒಂದು ವಿಷಯ ಸರಿ ಮಾಡಬೇಕಾಯಿತು. ನಮ್ಮ ಕಡೆ ವೆರಿಕೋಸೀಲ್ ಅಂದರೆ 'ಬೀಜದ ನರ ಊದಿದೆ' ಅನ್ನುತ್ತಾರೆ. 'ನರ' ಎಂಬ ಪದ ಕಿವಿಗೆ ಬಿದ್ದರೆ ಸಾಕು, ಗೋಡೆಗೆ ಅಂಟಿಸಿದ 'ನರ ದೌರ್ಬಲ್ಯ'ದ ಜಾಹೀರಾತು ನೆನಪಾಗುತ್ತದೆ. ಮಂಜುನಾಥನೂ ಎರಡು ವರ್ಷ ಯಾವುದೋ ಪುಡಿ ತಿಂದಿದ್ದರು. ಇದು ಆ ನರವಲ್ಲ, ರಕ್ತನಾಳ. ವೃಷಣದಿಂದ ರಕ್ತವನ್ನು ಮೇಲಕ್ಕೆ ವಾಪಸ್ ಒಯ್ಯುವ ನಾಳಗಳಲ್ಲಿ ಕವಾಟ ಸಡಿಲವಾಗಿ, ರಕ್ತ ಕೆಳಗೆ ನಿಂತು ಅವು ಹಿಗ್ಗುತ್ತವೆ. ಕಾಲಿನಲ್ಲಿ ವೆರಿಕೋಸ್ ವೇನ್ ಆಗುತ್ತದಲ್ಲ, ಹಾಗೆಯೇ. ಎಡಗಡೆಯೇ ಜಾಸ್ತಿ. ಎಡಗಡೆಯ ನಾಳ ಉದ್ದ, ಅದು ಮೂತ್ರಪಿಂಡದ ನಾಳಕ್ಕೆ ಲಂಬಕೋನದಲ್ಲಿ ಹೋಗಿ ಸೇರುತ್ತದೆ. ವೃಷಣ ಮೈಗಿಂತ ಸುಮಾರು ಎರಡು ಡಿಗ್ರಿ ತಂಪಾಗಿರಬೇಕು, ಬೆಚ್ಚಗಿನ ರಕ್ತ ಅಲ್ಲೇ ನಿಂತರೆ ವೀರ್ಯಾಣು ತಯಾರಿಗೆ ಪೆಟ್ಟು ಬೀಳುತ್ತದೆ. ಗಂಡಸುತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು ಕೇಳಿ ಅವರು ನಂಬಲಿಲ್ಲ. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದು ಇರುತ್ತದೆ. ಅವರಲ್ಲಿ ಬಹಳ ಜನಕ್ಕೆ ಯಾವ ತೊಂದರೆಯೂ ಇಲ್ಲದೆ ಮಕ್ಕಳಾಗಿವೆ. ಹಾಗಾಗಿ 'ಇದೆಯಾ ಇಲ್ಲವಾ' ಎಂದು ಕೇಳಿ ನಿಲ್ಲಿಸಿದರೆ ಏನೂ ಗೊತ್ತಾಗುವುದಿಲ್ಲ. ಮಗುವಾಗದಿರುವುದಕ್ಕೆ ಇದೇ ಕಾರಣವಾ ಎಂದು ನೋಡಬೇಕು.

ಮೊದಲು ಹರೀಶನ ಫೈಲ್ ಬಿಚ್ಚಿದೆವು. ಆಪರೇಷನ್ ಮುಂಚೆ ಎರಡು ವೀರ್ಯ ಪರೀಕ್ಷೆ. ಎರಡರಲ್ಲೂ ವೀರ್ಯಾಣುಗಳ ಕೌಂಟ್ ಒಂದು ಮಿಲಿಗೆ 70 ಲಕ್ಷದ ಆಸುಪಾಸು. ಕನಿಷ್ಠ 1.6 ಕೋಟಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ. ಮುಂದಕ್ಕೆ ಈಜುವ ವೀರ್ಯಾಣು ನೂರಕ್ಕೆ 18, ಅಲ್ಲಿ 30 ಬೇಕು. ಯೂರಾಲಜಿಸ್ಟ್ ಬರೆದ ಟಿಪ್ಪಣಿ: ಎಡಕ್ಕೆ ಮೂರನೇ ಗ್ರೇಡ್, ನಿಂತಾಗ ಕಣ್ಣಿಗೇ ಕಾಣುತ್ತದೆ, ಎಡ ವೃಷಣ ಬಲದ್ದಕ್ಕಿಂತ ಚಿಕ್ಕದು. ಹಾರ್ಮೋನ್ ಸರಿ. ಹೆಂಡತಿಗೆ 27, ಪರೀಕ್ಷೆಗಳೆಲ್ಲ ಸರಿ.

ಅಂದರೆ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಕೈಗೆ ಸಿಗುವ ಊತ, ಮತ್ತೆ ಮತ್ತೆ ಕಮ್ಮಿ ಬಂದ ಕೌಂಟ್, ಕಾಯಲು ವಯಸ್ಸಿರುವ ಹೆಂಡತಿ. ಆಪರೇಷನ್ ಕೆಲಸ ಮಾಡುವುದು ಇಂಥವರಲ್ಲಿಯೇ. ತೊಡೆಸಂದಿಯ ಹತ್ತಿರ ಎರಡು ಮೂರು ಸೆಂಟಿಮೀಟರ್ ಕೊಯ್ದು, ಮೈಕ್ರೋಸ್ಕೋಪ್ ಇಟ್ಟುಕೊಂಡು ಹಿಗ್ಗಿದ ನಾಳಗಳನ್ನು ಒಂದೊಂದಾಗಿ ಕಟ್ಟುತ್ತಾರೆ. ಮೈಕ್ರೋಸ್ಕೋಪ್ ಏಕೆಂದರೆ, ಆ ನಾಳಗಳಿರುವ ಹುರಿಯಲ್ಲೇ ವೃಷಣಕ್ಕೆ ಶುದ್ಧ ರಕ್ತ ತರುವ ಕೂದಲೆಳೆಯಂಥ ನಾಳವೂ ಇರುತ್ತದೆ, ದುಗ್ಧರಸದ ನಾಳಗಳೂ ಇರುತ್ತವೆ. ಮೊದಲನೆಯದು ಕಟ್ಟಿಹೋದರೆ ವೃಷಣ ಸೊರಗಬಹುದು, ಎರಡನೆಯವು ಕಟ್ಟಿಹೋದರೆ ಸುತ್ತ ನೀರು ತುಂಬಿಕೊಳ್ಳುತ್ತದೆ. ಹಳೆಯ ರೀತಿಯ ಆಪರೇಷನ್‌ನಲ್ಲಿ ನೀರು ತುಂಬುವುದು, ಊತ ವಾಪಸ್ ಬರುವುದು ಎರಡೂ ಜಾಸ್ತಿ.

ಮಂಜುನಾಥನಿಗೆ ಗೊತ್ತಿಲ್ಲದ ಒಂದು ಸಂಗತಿ ಆ ಫೈಲಿನಲ್ಲಿತ್ತು. ಮೂರು ತಿಂಗಳಿಗೆ ಹರೀಶನ ಕೌಂಟ್ 90 ಲಕ್ಷ ಮಾತ್ರ. "ದುಡ್ಡು ದಂಡ ಆಯ್ತು" ಎಂದು ಹರೀಶ ಆಗ ಇಲ್ಲೇ ಕೂತು ಅತ್ತಿದ್ದರು. ಒಂದು ವೀರ್ಯಾಣು ತಯಾರಾಗುವುದಕ್ಕೇ ಎರಡೂವರೆ ತಿಂಗಳು ಬೇಕು. ಮೂರು ತಿಂಗಳಿಗೆ ಹೊಸ ಬೆಳೆಯ ಮೊದಲ ಕೊಯ್ಲು ಬರುತ್ತದೆ ಅಷ್ಟೆ. ಆರು ತಿಂಗಳಿಗೆ 2.2 ಕೋಟಿ ಬಂತು. ಹೆಂಡತಿ ಬಸುರಿಯಾಗಿದ್ದು ಹನ್ನೊಂದನೇ ತಿಂಗಳಲ್ಲಿ.

ಹಾಗಂತ ಹರೀಶನಂಥವರಿಗೆಲ್ಲ ಫಲಿಸುತ್ತದೆ ಎಂದಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೈಗೆ ಸಿಗುವ ವೆರಿಕೋಸೀಲ್ ಮತ್ತು ಕಮ್ಮಿ ಕೌಂಟ್ ಎರಡೂ ಇದ್ದ 145 ಗಂಡಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ವರ್ಷದಲ್ಲಿ ಆಪರೇಷನ್ ಆದವರ ಪೈಕಿ ನೂರಕ್ಕೆ ಸುಮಾರು 33 ಜೋಡಿಗೆ ಗರ್ಭ ನಿಂತಿತು. ಆಪರೇಷನ್ ಇಲ್ಲದವರಲ್ಲಿ ನೂರಕ್ಕೆ 14. ವ್ಯತ್ಯಾಸ ದೊಡ್ಡದೇ. ಆದರೆ ಮೂರರಲ್ಲಿ ಇಬ್ಬರು ಆ ವರ್ಷ ಇನ್ನೂ ಕಾಯುತ್ತಲೇ ಇದ್ದರು ಎಂಬುದನ್ನೂ ನಾನು ಪ್ರತಿ ಜೋಡಿಗೆ ಹೇಳುತ್ತೇನೆ.

ಈಗ ಅಣ್ಣನ ಫೈಲ್. ಫೆಬ್ರವರಿಯ ವೀರ್ಯ ಪರೀಕ್ಷೆ: 1.1 ಕೋಟಿ, ಈಜುವವು ನೂರಕ್ಕೆ 20. ಡಾಪ್ಲರ್ ಸ್ಕ್ಯಾನ್: ಎಡಗಡೆ ನಾಳ 2.6 ಮಿಲಿಮೀಟರ್, ಉಸಿರು ಕಟ್ಟಿ ಮುಕ್ಕಿದಾಗ ಸ್ವಲ್ಪ ರಕ್ತ ಹಿಂದಕ್ಕೆ. ಈ ಎರಡು ಹಾಳೆಯ ಮೇಲೆ ಆಪರೇಷನ್ ಡೇಟ್ ಬಿದ್ದಿತ್ತು. ಬಟ್ಟೆ ಬಿಚ್ಚಿಸಿ ಯಾರೂ ನೋಡಿರಲಿಲ್ಲ.

"ಡಿಸೆಂಬರ್, ಜನವರಿಯಲ್ಲಿ ಜ್ವರ ಏನಾದರೂ ಬಂದಿತ್ತಾ?" ಎಂದು ಕೇಳಿದೆ.

ಉತ್ತರ ಕೊಟ್ಟಿದ್ದು ಶೈಲಾ. "ಡಿಸೆಂಬರ್‌ನಲ್ಲಿ ಇವರಿಗೆ ಡೆಂಗಿ ಆಗಿತ್ತಲ್ಲ. ಒಂದು ವಾರ 103ರಿಂದ ಇಳಿಯಲೇ ಇಲ್ಲ."

ಅಂಥ ಜ್ವರ ಬಂದರೆ ಎರಡು ಮೂರು ತಿಂಗಳು ಕೌಂಟ್ ಬಿದ್ದೇ ಇರಬಹುದು. ಇನ್ನೂ ಒಂದು ಎಡವಟ್ಟು ಇತ್ತು. ಸ್ಯಾಂಪಲ್ ಮನೆಯಲ್ಲಿ ತೆಗೆದು, ಬೈಕಿನ ಸೈಡ್ ಬ್ಯಾಗಿನಲ್ಲಿಟ್ಟು, ಲ್ಯಾಬ್ ಮುಟ್ಟಿಸುವಷ್ಟರಲ್ಲಿ ಒಂದೂವರೆ ತಾಸು. ಒಂದು ತಾಸಿನೊಳಗೆ ನೋಡದಿದ್ದರೆ ಈಜುವ ಲೆಕ್ಕ ಸುಳ್ಳಾಗುತ್ತದೆ. ಲ್ಯಾಬ್‌ನಲ್ಲೇ ತೆಗೆಯಲು ಮುಜುಗರ, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಮುಜುಗರದಿಂದ ಬಂದ ಅಂಕಿ ನಂಬಿ ಹೊಟ್ಟೆಯ ಕೆಳಗೆ ಕೊಯ್ಯಿಸಿಕೊಳ್ಳುವುದು ಬೇಡ ಅಲ್ವಾ?

ಏಪ್ರಿಲ್ ಕೊನೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿದೆವು. ಮೂರು ದಿನ ದೂರವಿದ್ದು, ಸ್ಯಾಂಪಲ್ ಲ್ಯಾಬ್‌ನಲ್ಲೇ ಕೊಟ್ಟು. ಕೌಂಟ್ 3.4 ಕೋಟಿ, ಈಜುವವು ನೂರಕ್ಕೆ 41. ಸರಿಯಾಗಿದೆ.

ನಮ್ಮ ಯೂರಾಲಜಿಸ್ಟ್ ನಿಲ್ಲಿಸಿ ನೋಡಿದರು. ಇದಕ್ಕೆ ಕೋಣೆ ಬೆಚ್ಚಗಿರಬೇಕು, ಚಳಿಯಿದ್ದರೆ ಚರ್ಮ ಮುದುರಿ ಏನೂ ತಿಳಿಯುವುದಿಲ್ಲ. ಸುಮ್ನೆ ನಿಂತಾಗ ಒಮ್ಮೆ, ಉಸಿರು ಕಟ್ಟಿ ಮುಕ್ಕಿದಾಗ ಒಮ್ಮೆ ಬೆರಳಲ್ಲಿ ನೋಡುತ್ತಾರೆ. ದೊಡ್ಡ ವೆರಿಕೋಸೀಲ್ ಎರೆಹುಳು ತುಂಬಿದ ಚೀಲದ ಹಾಗೆ ಸಿಗುತ್ತದೆ. ಮುಕ್ಕಿದಾಗ ಮಾತ್ರ ಸಿಕ್ಕರೆ ಮೊದಲ ಗ್ರೇಡ್, ಸುಮ್ನೆ ನಿಂತಾಗಲೂ ಸಿಕ್ಕರೆ ಎರಡನೆಯದು, ಕಣ್ಣಿಗೇ ಕಂಡರೆ ಮೂರನೆಯದು. ಮಂಜುನಾಥನಿಗೆ ಮುಕ್ಕಿದಾಗಲೂ ಏನೂ ಸಿಗಲಿಲ್ಲ. ಸ್ಕ್ಯಾನ್‌ನಲ್ಲಿ ಮಾತ್ರ ಕಾಣುವ ಇಂಥದ್ದಕ್ಕೆ ಆಪರೇಷನ್ ಬೇಡ ಎಂದು ಅಮೆರಿಕ, ಯೂರೋಪ್ ಎರಡೂ ಕಡೆಯ ಯೂರಾಲಜಿ ಸಂಘಗಳ ಮಾರ್ಗಸೂಚಿ ಹೇಳುತ್ತದೆ. ಕೌಂಟ್ ಸರಿಯಿದ್ದರಂತೂ ಮಗುವಿಗಾಗಿ ಆ ಆಪರೇಷನ್ ಮಾಡಿ ಸರಿಪಡಿಸುವುದೇನೂ ಉಳಿದಿರುವುದಿಲ್ಲ.

ಮಂಜುನಾಥನ ಮುಖ ಇಳಿಯಿತು. ಖುಷಿಪಡುತ್ತಾರೆ ಎಂದುಕೊಂಡಿದ್ದೆ. "ಹಾಗಾದರೆ ನನಗೆ ಏನು ಮಾಡಿಸೋದು ಮೇಡಂ?" ಎಂದರು. ಆಪರೇಷನ್ ಇದ್ದರೆ ಕೈಯಲ್ಲಿ ಒಂದು ಕೆಲಸ ಇರುತ್ತದೆ. ಅದನ್ನು ನಾನು ಕಿತ್ತುಕೊಂಡಿದ್ದೆ.

ಆಗ ಶೈಲಾರ ಹಾಳೆಗಳನ್ನು ತೆಗೆದೆ. ಟ್ಯೂಬ್ ತೆರೆದಿದೆ, ಥೈರಾಯ್ಡ್ ಸರಿ. ಎಎಂಎಚ್ ಮಾತ್ರ 0.9, ಕಮ್ಮಿ. ಒಂದೂವರೆ ವರ್ಷದಿಂದ ಆ ರಿಪೋರ್ಟ್ ಫೈಲಿನಲ್ಲೇ ಇತ್ತು, ಯಾರೂ ಕೂರಿಸಿ ವಿವರಿಸಿರಲಿಲ್ಲ. ಅಂಡಾಶಯದಲ್ಲಿ ಉಳಿದ ಮೊಟ್ಟೆಗಳ ಸಂಖ್ಯೆಯ ಅಂದಾಜು ಈ ಎಎಂಎಚ್. ಕಮ್ಮಿ ಇದ್ದ ಮಾತ್ರಕ್ಕೆ ತಾನಾಗಿ ಗರ್ಭ ನಿಲ್ಲುವುದಿಲ್ಲ ಎಂದೇನಿಲ್ಲ. ಆದರೆ 36ರಲ್ಲಿ, ನಾಲ್ಕು ವರ್ಷ ಕಾದ ಮೇಲೆ, ಕಾಯುವ ಸಮಯ ಜಾಸ್ತಿ ಉಳಿದಿಲ್ಲ. ಆಪರೇಷನ್ ಆಗಿದ್ದರೆ ಆರು ತಿಂಗಳು, ವರ್ಷ ಅಂತ ಕಾಯುತ್ತ ಕೂರುತ್ತಿದ್ದರು. ಗಂಡಸಿನ ಕೌಂಟ್ ನೋಡುವಾಗ ಹೆಂಡತಿಯ ವಯಸ್ಸನ್ನು ಪಕ್ಕದಲ್ಲೇ ಇಟ್ಟುಕೊಂಡು ನೋಡಬೇಕು ಎನ್ನುವುದು ಇದಕ್ಕೇ.

ನಾನು ಕೊಟ್ಟ ಸಲಹೆ ಮೂರು ಮಾತಿನದು. ಆಪರೇಷನ್ ಡೇಟ್ ರದ್ದು ಮಾಡಿ. ಈ ವಾರವೇ ಇಬ್ಬರೂ ಸೇರಿ ಐವಿಎಫ್ ಡಾಕ್ಟರ ಹತ್ತಿರ ಕೂತು ಮಾತಾಡಿ, ದುಡ್ಡಿನ ಲೆಕ್ಕವನ್ನೂ ಅಲ್ಲೇ ಕೇಳಿ. ಅಮ್ಮನಿಗೆ ಹೇಳುವಾಗ 'ಇವನದು ಸರಿ, ಇವಳದೇ ತೊಂದರೆ' ಎಂದು ಹೇಳಬೇಡಿ. ಕೊನೆಯದನ್ನು ಮಂಜುನಾಥನ ಕಡೆಗೇ ತಿರುಗಿ ಹೇಳಿದೆ.

ಹೊರಡುವ ಮುಂಚೆ ಅವರ ಗೆಳೆಯರೊಬ್ಬರ ವಿಷಯ ಬಂತು. ಅವರ ಕೌಂಟ್ ಸೊನ್ನೆ, ಅವರಿಗೂ ವೆರಿಕೋಸೀಲ್ ಇದೆಯಂತೆ. ಸೊನ್ನೆಯ ಲೆಕ್ಕವೇ ಬೇರೆ. ಮೊದಲು ದಾರಿ ಮುಚ್ಚಿದೆಯಾ, ತಯಾರಿಯೇ ನಿಂತಿದೆಯಾ ನೋಡಬೇಕು. ಹಾರ್ಮೋನ್ ಪರೀಕ್ಷೆ ಬೇಕು. ತಯಾರಿಯೇ ನಿಂತಿದ್ದರೆ ಕ್ರೋಮೋಸೋಮ್ ಪರೀಕ್ಷೆಯೂ ಬೇಕು. ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ತುಂಬ ಏರಿದ್ದು ವೃಷಣ ಚಿಕ್ಕದಾಗಿದ್ದರೆ ವೆರಿಕೋಸೀಲ್ ಆಪರೇಷನ್‌ನಿಂದ ಫಲ ಸಿಗುವುದು ಅಪರೂಪ. ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುತ್ತಿದ್ದಾರಾ ಎಂದೂ ಕೇಳಿ ಅಂದೆ. ಅದರಿಂದಲೇ ಕೌಂಟ್ ಸೊನ್ನೆಗೆ ಇಳಿದವರನ್ನು ನೋಡಿದ್ದೇನೆ.

ಶೈಲಾರಿಗೆ ಐವಿಎಫ್‌ನಲ್ಲಿ ಮೊದಲ ಸಲ ನಾಲ್ಕು ಮೊಟ್ಟೆ ಸಿಕ್ಕವು, ಎರಡು ಭ್ರೂಣ ಆದವು. ಒಂದನ್ನು ಒಳಗಿಟ್ಟರು, ಅದು ನಿಲ್ಲಲಿಲ್ಲ. ಇನ್ನೊಂದು ಫ್ರೀಜರ್‌ನಲ್ಲಿದೆ, ಮುಂದಿನ ತಿಂಗಳ ಮುಟ್ಟಿನ ಲೆಕ್ಕ ನೋಡಿ ದಿನ ಗೊತ್ತು ಮಾಡುತ್ತಾರೆ. ಮೊನ್ನೆ ಮಂಜುನಾಥ ಫೋನ್ ಮಾಡಿದ್ದರು. ಸ್ಕ್ಯಾನ್‌ನಲ್ಲಿ ಕಂಡ ಆ ನಾಳಕ್ಕೆ ಏನಾದರೂ ಮಾಡಬೇಕಾ ಎಂದು ಇನ್ನೂ ಕೇಳುತ್ತಿದ್ದಾರೆ. ನಿಂತು ಕೆಲಸ ಮಾಡಿದಾಗ ನೋವು, ಭಾರ ಅನಿಸಿದರೆ ಅಥವಾ ಕೈಗೆ ಗಂಟು ಸಿಕ್ಕರೆ ಯೂರಾಲಜಿಸ್ಟ್‌ಗೆ ತೋರಿಸಿ, ಇಲ್ಲದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ ಎಂದೆ.