ಕಣ್ಣಿನ ಹಿಂದೆ ನೋವು, ಮೂಲ ಕುತ್ತಿಗೆಯಲ್ಲಿ

ಡಾಕ್ಟ್ರೇ, ನನಗೆ 43 ವರ್ಷ, ಕಾಪು ಹತ್ತಿರ ಮನೆ. ಬೀಡಿ ಕಟ್ಟುತ್ತೇನೆ. ಎರಡು ವರ್ಷದಿಂದ ಬಲಗಡೆ ಮಾತ್ರ ತಲೆನೋವು. ಕುತ್ತಿಗೆಯಿಂದ ಶುರುವಾಗಿ ಕಣ್ಣಿನ ಹಿಂದೆ ಬರುತ್ತದೆ. ಮೈಗ್ರೇನ್ ಮಾತ್ರೆಗೆ ಬಗ್ಗಲಿಲ್ಲ. ಎಕ್ಸ್-ರೇಯಲ್ಲಿ ಕುತ್ತಿಗೆ ಎಲುಬು ಸವೆದಿದೆ ಎಂದರು. ಎಮ್‌ಆರ್‌ಐ ಮಾಡಿಸಬೇಕಾ?

ಈಗಲೇ ಬೇಡ. ಆ ಎಕ್ಸ್-ರೇಯನ್ನೂ ಬದಿಗಿಡಿ. ನಲವತ್ತು ದಾಟಿದವರ ಕುತ್ತಿಗೆಯಲ್ಲಿ ಸವೆತ ಕಾಣುವುದು ತಲೆಯಲ್ಲಿ ನರೆ ಕಂಡ ಹಾಗೆ. ಅದೂ ಸಾಮಾನ್ಯವಾಗಿ ಕೆಳಗಿನ ಎಲುಬುಗಳಲ್ಲಿ. ಅಲ್ಲಿಯ ನೋವು ಭುಜಕ್ಕೆ, ಕೈಗೆ ಇಳಿಯುತ್ತದೆ. ತಲೆಗೆ ಏರುವ ನೋವು ಮೇಲಿನ ಮೂರು ಎಲುಬುಗಳ ಕೀಲುಗಳದ್ದು. ಆ ಕೀಲುಗಳ ನರ ಮತ್ತು ಮುಖದ ನರ, ಎರಡೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಹಾಗಾಗಿ ಕುತ್ತಿಗೆಯ ದೂರನ್ನು ಮಿದುಳು ಕಣ್ಣಿನ ದೂರು ಎಂದು ತಿಳಿದುಕೊಳ್ಳುತ್ತದೆ.

ಇದನ್ನು ಕಂಡುಹಿಡಿಯಲು ಮೊದಲು ಬೇಕಾಗುವುದು ಕೈ. ನಿಮ್ಮ ಹಾಗೆಯೇ ಬೀಡಿ ಕಟ್ಟುವ ಒಬ್ಬರು ನನ್ನ ಹತ್ತಿರ ಬಂದಿದ್ದರು. ಅಂಗಾತ ಮಲಗಿಸಿ, ಗಲ್ಲ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ ಹಿಡಿದೆ. ಹೀಗೆ ಬಗ್ಗಿಸಿದಾಗ ಕೆಳಗಿನ ಕೀಲುಗಳು ಬಿಗಿಯಾಗುತ್ತವೆ, ತಿರುಗುವ ಕೆಲಸ ಬಹುತೇಕ ಮೊದಲ ಎರಡು ಎಲುಬುಗಳ ನಡುವಿನ ಕೀಲಿಗೇ ಉಳಿಯುತ್ತದೆ. ಹಾಗೆಯೇ ತಲೆಯನ್ನು ಎಡಕ್ಕೆ, ಬಲಕ್ಕೆ ತಿರುಗಿಸಿದೆ. ಸಾಮಾನ್ಯವಾಗಿ ಒಂದೊಂದು ಬದಿಗೆ ಸುಮಾರು 44 ಡಿಗ್ರಿ ಹೋಗಬೇಕು. ಅವರದ್ದು ಎಡಕ್ಕೆ 42 ಹೋಯಿತು, ಬಲಕ್ಕೆ 25ಕ್ಕೇ ನಿಂತಿತು. 32ಕ್ಕಿಂತ ಕಡಿಮೆ ಎಂದರೆ ನಾನು ಅನುಮಾನ ಪಡುತ್ತೇನೆ. ಆಮೇಲೆ ಬಲಗಡೆ ಎರಡನೇ, ಮೂರನೇ ಎಲುಬಿನ ನಡುವೆ ಹೆಬ್ಬೆರಳು ಒತ್ತಿದೆ. "ಇದೇ ಡಾಕ್ಟ್ರೇ, ಕಣ್ಣಿಗೆ ಬಂತು" ಎಂದರು. ಮುಟ್ಟಿದ ಕಡೆ ನೋಯುವುದು ದೊಡ್ಡ ವಿಷಯವಲ್ಲ. ಮೈಗ್ರೇನ್ ಇದ್ದವರಿಗೂ ಕುತ್ತಿಗೆ ನೋಯುತ್ತದೆ. ಒತ್ತಿದಾಗ ಅವರ ಹಳೆಯ ತಲೆನೋವೇ ಎದ್ದು ಬರಬೇಕು.

ಇಷ್ಟಾದರೂ ಇದು ಬಲವಾದ ಅನುಮಾನ, ಅಷ್ಟೇ. ಗಟ್ಟಿ ಮಾಡಿಕೊಳ್ಳಲು ಎಕ್ಸ್-ರೇ ಯಂತ್ರದಲ್ಲಿ ನೋಡಿಕೊಂಡು ಆ ಕೀಲಿನ ನರಕ್ಕೆ ಸ್ವಲ್ಪ ಮರಗಟ್ಟಿಸುವ ಔಷಧಿ ಕೊಡುತ್ತೇವೆ. ಔಷಧಿಯ ಗುಣ ಇರುವಷ್ಟು ಹೊತ್ತು ತಲೆನೋವು ಹೋದರೆ ಮೂಲ ಸಿಕ್ಕಿತು. ಒಂದು ಸಲ ಹೋದದ್ದನ್ನು ನಾನು ನಂಬುವುದಿಲ್ಲ. ಸೂಜಿ ಚುಚ್ಚಿದ ಸಮಾಧಾನಕ್ಕೂ ನೋವು ಇಳಿಯುವುದುಂಟು. ಇನ್ನೊಂದು ದಿನ ಮತ್ತೆ ಮಾಡಿ ನೋಡಬೇಕು.

ಆದರೆ ಎಲ್ಲರಿಗೂ ಸೂಜಿ ಬೇಕಿಲ್ಲ. ಮೊದಲು ಆರು ವಾರ ಫಿಸಿಯೋಥೆರಪಿ. ಬಿಗಿದ ಕೀಲನ್ನು ಕೈಯಿಂದ ಮೆಲ್ಲಗೆ ಸಡಿಲಿಸುವುದು ಒಂದು ಭಾಗ. ಜನ ಅರ್ಧಕ್ಕೆ ಬಿಡುವುದು ಇನ್ನೊಂದು ಭಾಗವನ್ನು, ಅಂದರೆ ವ್ಯಾಯಾಮವನ್ನು. ಅಂಗಾತ ಮಲಗಿ, ತಲೆ ಎತ್ತದೆ, "ಹೂಂ" ಅನ್ನುವ ಹಾಗೆ ಗಲ್ಲವನ್ನು ಸ್ವಲ್ಪವೇ ಒಳಗೆ ಬಾಗಿಸಿ 10 ಸೆಕೆಂಡ್ ಹಿಡಿಯಬೇಕು. ಹೀಗೆ 10 ಸಲ, ದಿನಕ್ಕೆ ಎರಡು ಹೊತ್ತು. ಕುತ್ತಿಗೆಯ ಮುಂದಿನ ದಪ್ಪ ಸ್ನಾಯು ಹಗ್ಗದ ಹಾಗೆ ಎದ್ದರೆ ಜಾಸ್ತಿ ಬಲ ಹಾಕುತ್ತಿದ್ದೀರಿ ಎಂದರ್ಥ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ಇಂಥ 200 ಜನರ ಮೇಲೆ ನಡೆದ ಅಧ್ಯಯನದಲ್ಲಿ ಈ ಎರಡೂ ಬಗೆಯ ಚಿಕಿತ್ಸೆಯ ಗುಣ ವರ್ಷದ ನಂತರವೂ ಉಳಿದಿತ್ತು.

ಗೆರಸೆಯನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಬಗ್ಗಿ ಕೂರಬೇಡಿ. ಸಣ್ಣ ಮಣೆಯ ಮೇಲೆ ಎತ್ತರಿಸಿ ಇಡಿ, ಅರ್ಧ ಗಂಟೆಗೊಮ್ಮೆ ಏಳಿ. ನಾನು ಹೇಳಿದ ಆ ಹೆಂಗಸು ಇಷ್ಟನ್ನು ಬಿಡದೆ ಮಾಡಿದರು. ಆರು ವಾರಕ್ಕೆ ಬಲಗಡೆ 38 ಡಿಗ್ರಿ ತಿರುಗಿತು. ವಾರಕ್ಕೆ ನಾಲ್ಕು ದಿನ ಬರುತ್ತಿದ್ದ ನೋವು ಒಂದು ದಿನಕ್ಕೆ ಇಳಿಯಿತು. ಸೂಜಿ ಬೇಕಾಗಲಿಲ್ಲ. ಇದಕ್ಕೂ ಬಗ್ಗದೆ, ಸೂಜಿಯಲ್ಲಿ ಎರಡು ಸಲ ಮೂಲ ಖಚಿತವಾದವರಿಗೆ ಮಾತ್ರ ಆ ನರವನ್ನು ರೇಡಿಯೋ ತರಂಗದ ಬಿಸಿಯಿಂದ ಸುಡುವ ಚಿಕಿತ್ಸೆ ಇದೆ. ಕೆಲವು ತಿಂಗಳು ಆರಾಮ. ನರ ಮತ್ತೆ ಬೆಳೆದಾಗ ನೋವು ಮರಳಬಹುದು, ಆಗ ಮತ್ತೆ ಮಾಡಬಹುದು.

ಸೆಲೂನ್‌ನಲ್ಲಿ ಕುತ್ತಿಗೆ ಲಟಿಕೆ ತೆಗೆಸಿದರೆ ಹಗುರ ಅನಿಸುತ್ತದೆ. ಮುಂದುವರಿಸಬಹುದಾ?

ಇವತ್ತೇ ನಿಲ್ಲಿಸಿ. ಮಿದುಳಿಗೆ ರಕ್ತ ಒಯ್ಯುವ ರಕ್ತನಾಳ ಇದೇ ಎಲುಬುಗಳ ತೂತಿನೊಳಗೆ ಹಾದು ಹೋಗುತ್ತದೆ. ಫಕ್ಕನೆ ತಿರುಚಿದರೆ ಅದರ ಒಳಪದರ ಹರಿದು ಪಾರ್ಶ್ವವಾಯು ಆಗಬಹುದು. ಹಾಗೆ ಬಂದ ಹುಡುಗನೊಬ್ಬನನ್ನು ನಾನು ನೋಡಿದ್ದೇನೆ, ಅವನಿಗೆ ಮೂವತ್ತೂ ಆಗಿರಲಿಲ್ಲ. "ನರ ಕೂರಿಸುತ್ತೇನೆ" ಎನ್ನುವವರಿಗೂ ಕುತ್ತಿಗೆ ಕೊಡಬೇಡಿ. ಲಟಿಕೆ ತೆಗೆಸಿದ ಮೇಲೆ ತಲೆ ಸುತ್ತುವುದು, ಮಾತು ತೊದಲುವುದು, ಎರಡೆರಡಾಗಿ ಕಾಣುವುದು ಶುರುವಾದರೆ ನೇರ ಆಸ್ಪತ್ರೆಗೆ ಹೋಗಿ, ಮಲಗಿ ಕಾಯಬೇಡಿ.

ಕಾಲರ್ ಹಾಕಲಾ?

ಬೇಡ, ಬಿಗಿದದ್ದು ಇನ್ನೂ ಬಿಗಿಯುತ್ತದೆ.

ನೋವಿನ ಮಾತ್ರೆ ದಿನಾ ತೆಗೆದುಕೊಳ್ಳಬಹುದಾ?

ತಿಂಗಳಿಗೆ 15 ದಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರುತ್ತದೆ.

ಯಾವ ಕಂಪೆನಿಯ ದಿಂಬು ಒಳ್ಳೆಯದು?

ಮಗ್ಗುಲಲ್ಲಿ ಮಲಗಿದಾಗ ಭುಜ ಮತ್ತು ತಲೆಯ ನಡುವಿನ ಜಾಗ ತುಂಬುವ ಯಾವುದಾದರೂ ಆಗುತ್ತದೆ.