ಪಿತ, ಸುತ, ಪವಿತ್ರಾತ್ಮ: ಮೂವರೂ ಒಬ್ಬನೇ ದೇವರು ಹೇಗೆ?

«ನಾನು ಉಡುಪಿಯ ಹಿಂದೂ ಮನೆಯಲ್ಲಿ ಬೆಳೆದವಳು. ತ್ರಿತ್ವ ಅಂದ್ರೆ ತ್ರಿಮೂರ್ತಿಗಳ ಹಾಗೆಯಾ, ಅಥವಾ ಒಬ್ಬನೇ ದೇವರ ಮೂರು ವೇಷಗಳಾ?»

ಎರಡೂ ಅಲ್ಲ. ತ್ರಿಮೂರ್ತಿಗಳಲ್ಲಿ ಸೃಷ್ಟಿ, ಸ್ಥಿತಿ, ಲಯ ಅಂತ ಕೆಲಸ ಹಂಚಿಕೊಂಡಿರುತ್ತದಲ್ಲ? ತ್ರಿತ್ವದಲ್ಲಿ ಆ ಹಂಚಿಕೆಯಿಲ್ಲ. ಸೃಷ್ಟಿಸುವುದೂ ಉದ್ಧರಿಸುವುದೂ ಮೂವರ ಒಂದೇ ಕೆಲಸ.

ವೇಷದ ಮಾತಿಗೆ ಬಂದರೆ, ನೀರು, ಮಂಜುಗಡ್ಡೆ, ಆವಿಯ ಉದಾಹರಣೆ ನೀವೂ ಕೇಳಿರಬಹುದು. ಚರ್ಚಿಗೆ ಹೋಗುವವರೇ ಹೇಳುತ್ತಾರೆ, ಆದರೆ ಅದು ತಪ್ಪು ದಾರಿಗೆ ಒಯ್ಯುತ್ತದೆ. ಅದೇ ನೀರು ಒಮ್ಮೆ ಗಡ್ಡೆ, ಇನ್ನೊಮ್ಮೆ ಆವಿ. ಹಾಗೆಯೇ ಒಬ್ಬನೇ ದೇವರು ಒಂದೊಂದು ಹೊತ್ತಿಗೆ ಒಂದೊಂದು ವೇಷ ತೊಡುತ್ತಾನೆ ಎಂಬ ವಾದವನ್ನು 3ನೇ ಶತಮಾನದಲ್ಲೇ ಕ್ರೈಸ್ತ ಸಭೆ ತಳ್ಳಿಹಾಕಿತು. ಮತ್ತಾಯನ ಸುವಾರ್ತೆಯ 3ನೇ ಅಧ್ಯಾಯ ತೆಗೆದು ನೋಡಿ: ಯೇಸು ಯೊರ್ದನ್ ನದಿಯಿಂದ ಮೇಲೆ ಬರುತ್ತಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತದೆ, ‘ಈತನು ನನ್ನ ಮಗ’ ಎಂದು ಆಕಾಶದಿಂದ ಧ್ವನಿ ಕೇಳುತ್ತದೆ. ಮೂವರೂ ಒಂದೇ ಹೊತ್ತಿಗೆ ಇದ್ದಾರೆ. ವೇಷ ಬದಲಿಸುವವನೊಬ್ಬನೇ ಆಗಿದ್ದರೆ ಮಗನನ್ನು ಕರೆದದ್ದು ಯಾರು?

ಹಾಗಾದರೆ ಮೂರು ದೇವರೇ? ಅದೂ ಅಲ್ಲ. ‘ಏನು’ ಎಂದು ಕೇಳಿದರೆ ಉತ್ತರ ಒಂದೇ, ದೇವರು. ‘ಯಾರು’ ಎಂದು ಕೇಳಿದರೆ ಮೂವರು. ಮಗನನ್ನು ದೇವರ ಮೊದಲ ಸೃಷ್ಟಿ ಎಂದ ಪಾದ್ರಿ ಆರಿಯಸನಿಗೆ 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಸಭೆ ಕೊಟ್ಟ ಉತ್ತರ, ತಂದೆಗೂ ಮಗನಿಗೂ ‘ಒಂದೇ ತತ್ತ್ವ’ ಎಂಬುದು. ದೇವತ್ವವನ್ನು ಮೂರು ಪಾಲು ಮಾಡಿಲ್ಲ, ಪ್ರತಿಯೊಬ್ಬರೂ ಪೂರ್ಣ ದೇವರು. ವ್ಯತ್ಯಾಸ ಸಂಬಂಧದಲ್ಲಿ ಮಾತ್ರ: ತಂದೆ ಯಾರಿಂದಲೂ ಬಂದವನಲ್ಲ, ಮಗ ಅನಾದಿಯಿಂದ ತಂದೆಯಿಂದ ಜನಿಸಿದವನು, ಆತ್ಮ ತಂದೆಯಿಂದ ಹೊರಡುವವನು. ಇಲ್ಲಿ ಜನನ ಅಂದರೆ ಹೆರಿಗೆಯಲ್ಲ, ಅದಕ್ಕೊಂದು ಆರಂಭದ ದಿನವೂ ಇಲ್ಲ.

ಮಂಗಳೂರಿನಲ್ಲಿ ಯಾವುದಾದರೂ ದೀಕ್ಷಾಸ್ನಾನಕ್ಕೆ ಹೋದರೆ ಕಿವಿಗೊಡಿ. ಮೂವರನ್ನು ಕರೆದ ಮೇಲೂ ಗುರುಗಳು ‘ಹೆಸರಿನಲ್ಲಿ’ ಅನ್ನುತ್ತಾರೆ, ‘ಹೆಸರುಗಳಲ್ಲಿ’ ಅನ್ನುವುದಿಲ್ಲ.